ಒಂದು ಗಂಟೆಯಲ್ಲಿ ಸರಿಯಾಗಿ ಮೂರೇ ಗಾಡಿ ಬಂದಿವೆ ಅಂತ ಗೊತ್ತಾದ ಮೇಲೆ, ಅವು ಬಂದ ಹೊತ್ತು ಯಾಕೆ ಸಮನಾಗಿ ಹರಡಿರುತ್ತದೆ?

ಬೆಳಂಬಾರ

ನಾನು ಅಂಕೋಲಾ ಹತ್ತಿರ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನೈಟ್ ಶಿಫ್ಟ್ ಮಾಡುತ್ತೇನೆ. ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ.ಗೂ ಓದುತ್ತಿದ್ದೇನೆ. ರಾತ್ರಿ 2ರಿಂದ 3ರವರೆಗೆ ಬಂಕಿಗೆ ಬರೋ ಗಾಡಿ ತೀರಾ ಕಡಿಮೆ. ಹಾಗಾಗಿ ಪಾಯ್ಸಾನ್ ಪಾಠ ಓದುವಾಗ ಇದೇ ಲೆಕ್ಕ ತಲೆಗೆ ಬರುತ್ತದೆ.

ನೋಟ್ಸಿನಲ್ಲಿ ಎರಡು ಮಾತು ಇವೆ. ಒಂದು, ಗಾಡಿಗಳು ಒಂದೇ ದರದಲ್ಲಿ ಬರುತ್ತಿದ್ದರೆ ಒಂದು ಗಾಡಿಗೂ ಮುಂದಿನದಕ್ಕೂ ನಡುವಿನ ಅಂತರ ಎಕ್ಸ್‌ಪೊನೆನ್ಶಿಯಲ್. ಎರಡು, ಆ ಗಂಟೆಯಲ್ಲಿ ಒಟ್ಟು ಇಷ್ಟೇ ಬಂದವು ಅಂತ ಗೊತ್ತಾದರೆ, ಬಂದ ಹೊತ್ತುಗಳು ಯೂನಿಫಾರ್ಮ್ ಆಗಿ ಹಾಕಿದ ಚುಕ್ಕಿಗಳ ಹಾಗೆ.

ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ ಅಂತ ಗೊತ್ತಾಗುತ್ತಿಲ್ಲ. ಎಕ್ಸ್‌ಪೊನೆನ್ಶಿಯಲ್ ಗ್ರಾಫ್ ಶುರುವಿನಲ್ಲೇ ಎತ್ತರ, ಆಮೇಲೆ ಇಳೀತಾ ಹೋಗುತ್ತದೆ. ಅಂದರೆ ಗಾಡಿ ಬೇಗ ಬರೋ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಗಂಟೆಗೆ ಒಂದೇ ಗಾಡಿ ಬಂದಿದ್ದರೂ ಅದು 2:30ರ ಒಳಗೆ ಬಂದಿರೋದೇ ಹೆಚ್ಚು ಇರಬೇಕಲ್ವಾ? ನೋಟ್ಸು ಅರ್ಧಕ್ಕರ್ಧ ಅನ್ನುತ್ತದೆ. ಸೂತ್ರ ಇದೆ, ನನಗೆ ಕಾರಣ ಬೇಕು.

ತೋಟದಮನೆ

ಇದರಲ್ಲಿ ಕಷ್ಟ ಏನಿದೆ ಮಾರಾಯ? ದರ ಒಂದೇ ಅಂದ ಮೇಲೆ ಗಂಟೆಗೆ ಮೂರು ಗಾಡಿ ಅಂದರೆ ಸುಮಾರು 20 ನಿಮಿಷಕ್ಕೆ ಒಂದು. ಸಮನಾಗಿ ಹಂಚಿಕೊಂಡು ಬರುತ್ತವೆ. ಯೂನಿಫಾರ್ಮ್ ಅಂದರೆ ಅದೇ.

ಕಾಳಿ ತೀರ

ಅಲ್ಲ ಅಲ್ಲ. ಅದು ಗಡಿಯಾರ ನೋಡಿ ಬರೋರ ಲೆಕ್ಕ. ಇಲ್ಲಿ ಮೂರೂ 2:40ರ ಆಸುಪಾಸಿಗೇ ಬಂದುಬಿಡಬಹುದು. ಯಾವ ಹೊತ್ತಿನ ಮೇಲೂ ಒಲವಿಲ್ಲ ಅನ್ನೋದಷ್ಟೇ ಅರ್ಥ. ಒಂದರಿಂದ ಒಂದು ದೂರ ಕೂರುತ್ತವೆ ಅಂತಲ್ಲ.

ಮಾಜಾಳಿ

ನಮ್ಮ ಕಡೆ ಕಾರವಾರಕ್ಕೆ ಹೋಗೋ ಬಸ್ಸಿಗೂ ಇದೇ ಕಥೆ. ಅರ್ಧ ಗಂಟೆಗೊಂದು ಅಂತ ಬೋರ್ಡಿನಲ್ಲಿ ಬರೆದಿರುತ್ತದೆ. ಒಂದು ಗಂಟೆ ಕಾದ ಮೇಲೆ ಎರಡು ಒಟ್ಟಿಗೆ ಬರುತ್ತವೆ. ಮಳೆಗಾಲದಲ್ಲಿ ಹೆದ್ದಾರಿ ಪಕ್ಕ ಛತ್ರಿ ಹಿಡ್ಕೊಂಡು ನಿಂತವರಿಗೆ ಇದು ಗೊತ್ತು. ಇದನ್ನು ಯಾರಿಗೆ ಹೇಳಬೇಕು?

ಕಾಳಿ ತೀರ

ಅಣ್ಣ, ನಿಮ್ಮ ಕಷ್ಟ ನಿಜ. ಆದರೆ ಬಸ್ಸಿಗೆ ಹೊರಡೋ ಟೈಮ್ ಇರುತ್ತದೆ. ಒಂದು ತಡವಾದರೆ ನಿಲ್ದಾಣಗಳಲ್ಲಿ ಜನ ಜಾಸ್ತಿ ಹತ್ತುತ್ತಾರೆ, ಅದು ಇನ್ನೂ ತಡ ಆಗುತ್ತದೆ, ಹಿಂದಿನದು ಬಂದು ಸೇರುತ್ತದೆ. ಒಂದು ಬಸ್ಸು ಇನ್ನೊಂದರ ಮೇಲೆ ಪರಿಣಾಮ ಮಾಡುತ್ತದೆ. ಬೆಳಂಬಾರದವರು ಕೇಳಿದ್ದು ಒಂದಕ್ಕೊಂದು ಸಂಬಂಧ ಇಲ್ಲದ ಗಾಡಿಗಳ ಬಗ್ಗೆ.

ಬನವಾಸಿ ರಸ್ತೆ

ನಾನು ಶಿರಸಿಯಲ್ಲಿ ಇದನ್ನೇ ಪಾಠ ಮಾಡಿ ನಿವೃತ್ತಿ ಆದವಳು. ಬೆಳಂಬಾರ, ನಿಮ್ಮ ಅನುಮಾನ ಒಳ್ಳೆಯದು. ಮೂರನ್ನು ಬಿಡಿ, ಮೊದಲು ಒಂದೇ ಗಾಡಿ ಹಿಡಿಯೋಣ.

ಗಾಡಿ 2:05ಕ್ಕೆ ಬಂತು, ಆ ಗಂಟೆಯಲ್ಲಿ ಅದೊಂದೇ ಅಂದುಕೊಳ್ಳಿ. ಇದಕ್ಕೆ ಏನೇನು ಆಗಬೇಕು? ಮೊದಲ 5 ನಿಮಿಷ ಖಾಲಿ ಹೋಗಬೇಕು. ಆಮೇಲೆ ಗಾಡಿ ಬರಬೇಕು. ಆಮೇಲೆ 55 ನಿಮಿಷ ಖಾಲಿ ಹೋಗಬೇಕು. ಈಗ 2:55ಕ್ಕೆ ಬಂದ ಗಾಡಿ ನೋಡಿ. ಮೊದಲು 55 ನಿಮಿಷ ಖಾಲಿ, ಗಾಡಿ, ಆಮೇಲೆ 5 ನಿಮಿಷ ಖಾಲಿ. ಎರಡರಲ್ಲೂ ಖಾಲಿ ಇರಬೇಕಾದ ಹೊತ್ತು ಒಟ್ಟು 60 ನಿಮಿಷವೇ, ಬರಬೇಕಾದ ಗಾಡಿ ಒಂದೇ. ದರ ಒಂದೇ ಆಗಿದ್ದರೆ ಖಾಲಿ ಹೊತ್ತು ಎಲ್ಲಿದ್ದರೂ ಬೆಲೆ ಒಂದೇ.

ಸೂತ್ರದಲ್ಲಿ ಬರೆದರೆ, ದರ λ, ಗಂಟೆ ಮುಗಿಯೋ ಹೊತ್ತು T ಅಂತ ಇಟ್ಟುಕೊಳ್ಳಿ. ಗಾಡಿ s ಹೊತ್ತಿಗೆ ಬರೋದಕ್ಕೆ λe^(−λs), ಅಲ್ಲಿಂದ T ವರೆಗೆ ಯಾರೂ ಬಾರದೆ ಇರೋದಕ್ಕೆ e^(−λ(T−s)). ಗುಣಿಸಿ:

```
λe^(−λs) · e^(−λ(T−s)) = λe^(−λT)
```

s ಹೊರಟೇ ಹೋಯಿತು. ನೀವು ಮೊದಲ ತುಂಡನ್ನು ಮಾತ್ರ ನೋಡುತ್ತಿದ್ದೀರಿ. ಎರಡನೇ ತುಂಡು ಬೇಗ ಬಂದ ಗಾಡಿಯ ಮೇಲೆ ದೊಡ್ಡ ಶರತ್ತು ಹಾಕುತ್ತದೆ, ಉಳಿದ ಗಂಟೆ ಪೂರ್ತಿ ಯಾರೂ ಬರಬಾರದು ಅಂತ.

ಅಂಕಿ ಬೇಕಾದರೆ, ಸರಾಸರಿ ಗಂಟೆಗೆ ಒಂದು ಗಾಡಿ ಅಂತ ಇಟ್ಟುಕೊಳ್ಳಿ. ಮೊದಲ ಗಾಡಿ 2:30ರ ಒಳಗೆ ಬರೋ ಸಾಧ್ಯತೆ ಸುಮಾರು 39%. 2:30ರಿಂದ 3ರ ನಡುವೆ ಬರೋದು ಸುಮಾರು 24%. ನೀವು ಹೇಳಿದ ಒಲವು ಇಲ್ಲಿದೆ, ಅದು ಸುಳ್ಳಲ್ಲ. ಆದರೆ ಬೇಗ ಬಂದ 39ರಲ್ಲಿ ಬಹಳ ರಾತ್ರಿ ಹಿಂದೆಯೇ ಇನ್ನೊಂದು ಗಾಡಿಯೂ ಬರುತ್ತದೆ, ಯಾಕೆಂದರೆ ಗಂಟೆಯಲ್ಲಿ ಇನ್ನೂ ತುಂಬಾ ಹೊತ್ತು ಉಳಿದಿರುತ್ತದೆ. ಒಂದೇ ಗಾಡಿ ಬಂದ ರಾತ್ರಿಗಳನ್ನು ಮಾತ್ರ ಇಟ್ಟುಕೊಂಡರೆ ಆ 39 ಇಳಿದು ಸುಮಾರು 18.4 ಆಗುತ್ತದೆ. ತಡವಾಗಿ ಬಂದ 24 ಕೂಡ ಇಳಿಯುತ್ತದೆ, ಆದರೆ ಕಡಿಮೆ. ಅದೂ 18.4ಕ್ಕೇ ಬಂದು ನಿಲ್ಲುತ್ತದೆ.

ಬೆಳಂಬಾರ

ಅಕ್ಕೋರೆ, ಈಗ ಒಂದು ಗಾಡಿಯದ್ದು ತಲೆಗೆ ಹೋಯಿತು. "ಒಂದೇ" ಅನ್ನೋ ಮಾತು ಮುಂದಿನ ಹೊತ್ತಿನ ಬಗ್ಗೆಯೂ ಹೇಳುತ್ತದೆ ಅನ್ನೋದನ್ನು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಮೂರು ಗಾಡಿಗೂ ಹೀಗೇ ಹೇಳಬಹುದಾ?

ಬನವಾಸಿ ರಸ್ತೆ

ಹೇಳಬಹುದು. ಸೂತ್ರ ಪಕ್ಕಕ್ಕಿಡಿ. ಗಂಟೆಯನ್ನು 60 ನಿಮಿಷದ ಮನೆಗಳಾಗಿ ಬರೆಯಿರಿ. ಪ್ರತಿ ಮನೆಗೂ ಗಾಡಿ ಬರೋ ಸಣ್ಣ ಸಾಧ್ಯತೆ p, ಬಾರದೆ ಇರೋದು 1−p. ಒಂದು ಮನೆಗೆ ಇನ್ನೊಂದರ ಹಂಗಿಲ್ಲ. ಒಂದು ನಿಮಿಷದಲ್ಲಿ ಎರಡು ಗಾಡಿ ಬರೋದನ್ನು ಸದ್ಯಕ್ಕೆ ಬಿಡೋಣ.

4ನೇ, 17ನೇ, 52ನೇ ನಿಮಿಷಕ್ಕೆ ಮಾತ್ರ ಗಾಡಿ ಬರೋ ಸಾಧ್ಯತೆ ಎಷ್ಟು? ಮೂರು ಸಲ p, 57 ಸಲ 1−p. 1, 2, 3ನೇ ನಿಮಿಷಕ್ಕೆ ಮಾತ್ರ ಬರೋದಕ್ಕೆ? ಅದಕ್ಕೂ ಮೂರು ಸಲ p, 57 ಸಲ 1−p. 60ರಲ್ಲಿ ಮೂರು ಮನೆ ಆರಿಸೋ ದಾರಿ 34,220 ಇವೆ. ಪ್ರತಿಯೊಂದರ ತೂಕವೂ ಅದೇ. ಮೂರೇ ಗಾಡಿ ಅಂತ ಗೊತ್ತಾದ ಕೂಡಲೇ ಉಳಿಯೋದು ಈ 34,220 ಮಾತ್ರ, ಅವುಗಳಲ್ಲಿ ಮೇಲು ಕೀಳು ಇಲ್ಲ. ಮೂರು ಮನೆಯನ್ನು ಕಣ್ಣು ಮುಚ್ಚಿ ಆರಿಸಿದ ಹಾಗೇ ಆಯಿತು.

ಮನೆಗಳನ್ನು ಇನ್ನೂ ಸಣ್ಣದು ಮಾಡಿ, ಸೆಕೆಂಡು, ಅರ್ಧ ಸೆಕೆಂಡು ಅಂತ. ಮಾತು ಬದಲಾಗೋದಿಲ್ಲ, ಒಂದೇ ಮನೆಗೆ ಎರಡು ಬರೋ ತಾಪತ್ರಯವೂ ಹೋಗುತ್ತದೆ. ಇನ್ನೊಂದು ಗಮನಿಸಿ, p ಎಷ್ಟೇ ಇರಲಿ, ಉತ್ತರದಲ್ಲಿ ಅದು ಕಾಣೋದೇ ಇಲ್ಲ. ದರ ಗೊತ್ತಿಲ್ಲದಿದ್ದರೂ ಈ ಮಾತು ನಿಲ್ಲುತ್ತದೆ.

ಯಲ್ಲಾಪುರದವ

ಅಕ್ಕೋರು ಹೇಳಿದ ಕೊನೆಯ ಮಾತನ್ನು ಪರೀಕ್ಷೆ ಮಾಡಿದೆ. ಗಾಡಿಗಳನ್ನು ಎಕ್ಸ್‌ಪೊನೆನ್ಶಿಯಲ್ ಅಂತರದಲ್ಲೇ ಕಳಿಸಿದೆ, ಯೂನಿಫಾರ್ಮ್ ಅನ್ನೋದು ಕೋಡಿನಲ್ಲಿ ಎಲ್ಲೂ ಇಲ್ಲ. ಮೂರೇ ಬಂದ ಗಂಟೆಗಳನ್ನು ಇಟ್ಟುಕೊಂಡು, ಹತ್ತು ಹತ್ತು ನಿಮಿಷದ ಆರು ಪೆಟ್ಟಿಗೆಯಲ್ಲಿ ಎಣಿಸಿದೆ.

```python
import random

def gante(sarasari):
    t, hottu = 0, []
    while True:
        t += random.expovariate(sarasari / 60)
        if t >= 60:
            return hottu
        hottu.append(t)

pettige = [0] * 6
for _ in range(200000):
    h = gante(3)
    if len(h) == 3:
        for t in h:
            pettige[int(t // 10)] += 1
print(pettige)
```

ಆರೂ ಪೆಟ್ಟಿಗೆಯಲ್ಲಿ 22 ಸಾವಿರದ ಚಿಲ್ಲರೆ ಬೀಳುತ್ತದೆ. `gante(3)` ಬದಲು `gante(8)` ಹಾಕಿ. ಮೂರೇ ಬರೋ ಗಂಟೆ ಅಪರೂಪ ಆಗುತ್ತದೆ, ಪೆಟ್ಟಿಗೆಗೆ ಸುಮಾರು 2,900 ಮಾತ್ರ ಸಿಗುತ್ತದೆ. ಆದರೆ ಆರೂ ಆಗಲೂ ಹೆಚ್ಚುಕಡಿಮೆ ಸಮವೇ.

ಬೆಳಂಬಾರ

ಥ್ಯಾಂಕ್ಸ್ ಅಣ್ಣ, ಓಡಿಸಿ ನೋಡಿದೆ. ಇನ್ನೊಂದು ಅನುಮಾನ. ಮೂರು ಗಾಡಿ ಬಂದ ಗಂಟೆಗಳನ್ನು ನಮ್ಮ ಪುಸ್ತಕದಲ್ಲಿ ತಿರುವಿ ನೋಡಿದೆ. ಮೊದಲ ಗಾಡಿ 2:10ರ ಒಳಗೇ ಬಂದಿರೋದು ಬಹಳ ಕಾಣುತ್ತದೆ. ಯೂನಿಫಾರ್ಮ್ ಆಗಿದ್ದರೆ ಆರರಲ್ಲಿ ಒಂದು ಸಲ ಮಾತ್ರ ಇರಬೇಕಲ್ವಾ?

ಕಾಳಿ ತೀರ

"ಮೊದಲ ಗಾಡಿ" ಅಂದ ಕೂಡಲೇ ನೀವು ಮೂರರಲ್ಲಿ ಬೇಗ ಬಂದಿದ್ದನ್ನೇ ಆರಿಸಿಕೊಂಡಿರಿ. ಮೂರು ಚುಕ್ಕಿಯಲ್ಲಿ ಎಡಗಡೆಯದು ಎಡಕ್ಕೇ ಇರುತ್ತದೆ. ಮೂರೂ 2:10 ದಾಟಿ ಬೀಳೋ ಸಾಧ್ಯತೆ 5/6ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 125/216. ಹಾಗಾಗಿ ಮೊದಲನೆಯದು 2:10ರ ಒಳಗೆ ಬರೋದು 91/216, ಸುಮಾರು 42%. ನಿಮ್ಮ ಪುಸ್ತಕ ಸರಿಯಾಗೇ ಹೇಳುತ್ತಿದೆ.

ಮೂರರಲ್ಲಿ ಯಾವುದಾದರೂ ಒಂದನ್ನು ಹೊತ್ತು ನೋಡದೆ ಆರಿಸಿ. ಬಣ್ಣ ನೋಡಿ ಆರಿಸಿ, ಬಿಲ್ ಮೊತ್ತ ನೋಡಿ ಆರಿಸಿ. ಅದು ಯೂನಿಫಾರ್ಮ್. ಸಾಲಾಗಿ ನಿಲ್ಲಿಸಿ ಮೊದಲನೆಯದು, ಎರಡನೆಯದು ಅಂದರೆ ಅವು ಒಂದೊಂದೂ ಯೂನಿಫಾರ್ಮ್ ಅಲ್ಲ.

ತೋಟದಮನೆ

ಸರಾಸರಿ ನೋಡಿದರೆ ನಾನು ಹೇಳಿದ್ದೇ ಬರಬೇಕು. ಮೊದಲನೆಯದು ಸರಾಸರಿ 2:20ಕ್ಕೆ.

ಕಾಳಿ ತೀರ

2:15ಕ್ಕೆ. ಮೂರು ಚುಕ್ಕಿ ಗಂಟೆಯನ್ನು ನಾಲ್ಕು ತುಂಡು ಮಾಡುತ್ತವೆ. ಕೊನೆಯ ಗಾಡಿಯಿಂದ 3 ಗಂಟೆವರೆಗಿನ ಖಾಲಿ ಹೊತ್ತೂ ಒಂದು ತುಂಡೇ. ನಾಲ್ಕರ ಸರಾಸರಿ ಉದ್ದವೂ ಒಂದೇ, ಹಾಗಾಗಿ ತಲಾ 15 ನಿಮಿಷ. ಮೂರು ಗಾಡಿಯ ಸರಾಸರಿ ಹೊತ್ತು 2:15, 2:30, 2:45.

ತೋಟದಮನೆ

ಕೊನೆಯ ಖಾಲಿ ಹೊತ್ತನ್ನು ಸೇರಿಸಿದರೆ ಹಾಗೆ. ಸೇರಿಸಬೇಕು ಅಂತ ಯಾರು ಹೇಳಿದ್ದು?

ಕಾಳಿ ತೀರ

ಗಂಟೆ 3ಕ್ಕೆ ಮುಗಿಯುತ್ತದೆ ಅಂತ ನಾವೇ ಹೇಳಿದ್ದು. ಗಾಡಿ ಬಂದ ಕೂಡಲೇ ಮುಗಿಯುತ್ತದೆ ಅಂತ ಹೇಳಿಲ್ಲ.

ತದಡಿ

ನಮ್ಮ ದಂಧೆ ಮೀನಿನದು. ಬಂದರಿಗೆ ಬೋಟು ಬರೋದನ್ನು ವರ್ಷಗಟ್ಟಲೆ ನೋಡಿದ್ದೇನೆ. ಇವತ್ತು ಹತ್ತು ಬೋಟು ಬಂತು ಅಂದರೆ ದಿನಪೂರ್ತಿ ಹರಡಿ ಬಂತು ಅಂತ ಯಾರಾದರೂ ಹೇಳಿದರೆ ನಾವು ನಂಬೋದಿಲ್ಲ. ಹರಾಜಿನ ಹೊತ್ತಿಗೆ ಮುಟ್ಟಬೇಕು ಅಂತ ಎಲ್ಲರೂ ಬೆಳಗ್ಗೆ ಬರುತ್ತಾರೆ. ಅಳಿವೆಯಲ್ಲಿ ನೀರು ಏರಿರಬೇಕು, ಇಲ್ಲದಿದ್ದರೆ ದೊಡ್ಡ ಬೋಟು ಒಳಗೆ ಬರೋದು ಕಷ್ಟ. ಒಬ್ಬರಿಗೆ ಮೀನು ಸಿಕ್ಕಿತು ಅಂತ ಫೋನಿನಲ್ಲಿ ಗೊತ್ತಾದರೆ ನಾಲ್ಕು ಬೋಟು ಅಲ್ಲಿಗೇ ಹೋಗಿ ಒಟ್ಟಿಗೇ ವಾಪಸ್ ಬರುತ್ತವೆ. ನಿಮ್ಮ ಲೆಕ್ಕ ನಮ್ಮ ಹತ್ತಿರ ನಡೆಯೋದಿಲ್ಲ.

ಬನವಾಸಿ ರಸ್ತೆ

ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ ತಮ್ಮಾ, ಎರಡೂ ಮುಖ್ಯ.

ಹರಾಜು, ನೀರಿನ ಏರಿಳಿತ, ಇವು ದರವನ್ನೇ ಬದಲಿಸುತ್ತವೆ. ಬೋಟುಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬರುತ್ತಿದ್ದು, ದರ ಮಾತ್ರ ಹೊತ್ತಿನ ಜೊತೆ ಬದಲಾದರೆ ಲೆಕ್ಕ ಪೂರ್ತಿ ಹಾಳಾಗೋದಿಲ್ಲ. ಹತ್ತು ಬೋಟು ಅಂತ ಗೊತ್ತಾದ ಮೇಲೆ ಅವು ಈಗಲೂ ಹತ್ತು ಬಿಡಿ ಚುಕ್ಕಿಗಳೇ. ಯೂನಿಫಾರ್ಮ್ ಬದಲು ದರದ ಗೆರೆ ಎಲ್ಲಿ ಎತ್ತರವೋ ಅಲ್ಲಿ ಜಾಸ್ತಿ ಬೀಳುತ್ತವೆ. ಬೆಳಗ್ಗೆ 6ರ ದರ ಮಧ್ಯಾಹ್ನದ ದರದ ನಾಲ್ಕು ಪಟ್ಟು ಇದ್ದರೆ, ಒಂದು ಬೋಟು ಆ ಹೊತ್ತಿಗೆ ಬಿದ್ದಿರೋ ಸಾಧ್ಯತೆಯೂ ನಾಲ್ಕು ಪಟ್ಟು.

ಫೋನಿನ ಕಥೆ ಬೇರೆ. ಅಲ್ಲಿ ಒಂದು ಬೋಟು ನಾಲ್ಕನ್ನು ಎಳೆದುಕೊಂಡು ಬರುತ್ತದೆ. ಆಗ ಒಂದು ಮನೆಗೆ ಇನ್ನೊಂದರ ಹಂಗು ಬಂತು, p ಗುಣಿಸೋದೇ ತಪ್ಪಾಗುತ್ತದೆ. ದರದ ಗೆರೆ ಎಷ್ಟು ಚೆನ್ನಾಗಿ ಬರೆದರೂ ಅದನ್ನು ಸರಿ ಮಾಡೋಕೆ ಆಗೋದಿಲ್ಲ.

ಮಾಜಾಳಿ

ಜೂನ್, ಜುಲೈ 61 ದಿನ ಯಾಂತ್ರಿಕ ಬೋಟಿಗೆ ನಿಷೇಧ. ಆಗ ದರ ಸೊನ್ನೆ, ಆದರೆ ಬಂಗಡೆ ರೇಟು ಮಾತ್ರ ಆಕಾಶಕ್ಕೆ!

ತದಡಿ

ಆಗ ನಾಡದೋಣಿಯವರು ತರುತ್ತಾರಲ್ಲ, ಅದೇ ರುಚಿ. ಇರಲಿ, ಅಕ್ಕೋರು ಹೇಳಿದ್ದು ಸರಿ. ಗುಂಪಾಗಿ ಬರೋದು ನಮ್ಮಲ್ಲಿ ದೊಡ್ಡ ಸಂಗತಿ.

ಕದ್ರಾ

ನಾನು ವಿಕಿರಣ ಎಣಿಸೋ ಉಪಕರಣಗಳ ಜೊತೆ ಕೆಲಸ ಮಾಡಿದವನು. ಈ ಲೆಕ್ಕ ಚೆನ್ನಾಗಿ ಕೂರೋ ಜಾಗ ಅದು. ರುದರ್‌ಫೋರ್ಡ್ ಮತ್ತು ಗೈಗರ್ 1910ರಲ್ಲಿ ಪೊಲೋನಿಯಂನಿಂದ ಬರೋ ಆಲ್ಫಾ ಕಣಗಳನ್ನು 7.5 ಸೆಕೆಂಡಿನ 2,608 ಅವಧಿಗಳಲ್ಲಿ ಎಣಿಸಿದ್ದರು, ಪಾಯ್ಸಾನ್ ಸೂತ್ರಕ್ಕೆ ಚೆನ್ನಾಗಿ ಹೊಂದಿತ್ತು. ಅಲ್ಲೂ ಒಂದು ತೊಡಕಿದೆ. ಗೈಗರ್ ಟ್ಯೂಬು ಒಂದು ಕಣ ಎಣಿಸಿದ ಮೇಲೆ ಸುಮಾರು 100 ಮೈಕ್ರೋಸೆಕೆಂಡ್ ಕುರುಡಾಗಿರುತ್ತದೆ. ಆ ಹೊತ್ತಿನಲ್ಲಿ ಬಂದದ್ದು ಲೆಕ್ಕಕ್ಕೆ ಸಿಗೋದಿಲ್ಲ. ಕಣ ಕಡಿಮೆ ಇದ್ದಾಗ ಇದು ಗೊತ್ತೇ ಆಗೋದಿಲ್ಲ. ತುಂಬಾ ಬರುವಾಗ ಚುಕ್ಕಿಗಳು ಒಂದರಿಂದ ಒಂದು ದೂರ ಇಟ್ಟ ಹಾಗೆ ಕಾಣುತ್ತವೆ. ಮೀನಿನ ಬೋಟಿಗೆ ತದ್ವಿರುದ್ಧ.

ಬೆಳಂಬಾರದವರಿಗೆ ಒಂದು ಮಾತು. ಕಾಯೋ ಹೊತ್ತನ್ನು ಮೊದಲೇ ನಿಗದಿ ಮಾಡಿರಬೇಕು. "ಮೂರನೇ ಗಾಡಿ ಬಂದ ಕೂಡಲೇ ಬರೆಯೋದು ನಿಲ್ಲಿಸ್ತೇನೆ" ಅಂತ ಮಾಡಿದರೆ ಮೂರನೆಯದು ಯಾವಾಗಲೂ ಕೊನೆಯಲ್ಲೇ ಕೂತಿರುತ್ತದೆ. ಆಗ ಅದಕ್ಕಿಂತ ಮುಂಚಿನ ಎರಡು ಮಾತ್ರ ಯೂನಿಫಾರ್ಮ್ ಚುಕ್ಕಿಗಳು. ಅವು ಕೂಡ ಪೂರ್ತಿ ಗಂಟೆಯ ಮೇಲಲ್ಲ, ಶುರುವಿನಿಂದ ಮೂರನೆಯದು ಬರೋವರೆಗಿನ ಹೊತ್ತಿನ ಮೇಲೆ.

ಬೆಳಂಬಾರ

ನಮ್ಮಲ್ಲಿ 2ರಿಂದ 3 ಅಂತ ಪಕ್ಕಾ ಇದೆ ಸರ್. ಆದರೆ ಎಲ್ಲಾ ರಾತ್ರಿಯೂ ಒಂದೇ ಥರ ಅಲ್ಲ. ಭಾನುವಾರ ರಾತ್ರಿ ಗೋಕರ್ಣದಿಂದ ವಾಪಸ್ ಹೋಗೋರು ಜಾಸ್ತಿ. ಜೋರು ಮಳೆ ಇದ್ದರೆ ಯಾರೂ ಬರೋದಿಲ್ಲ. ಹಾಗಿದ್ದಾಗ ಬೇರೆ ಬೇರೆ ರಾತ್ರಿಯ ಹೊತ್ತುಗಳನ್ನು ಒಟ್ಟು ಸೇರಿಸಿ ನೋಡಬಹುದಾ?

ಬನವಾಸಿ ರಸ್ತೆ

ಸೇರಿಸಬಹುದು, ಈ ಫಲಿತಾಂಶದಿಂದ ಸಿಗೋ ದೊಡ್ಡ ಉಪಯೋಗವೇ ಅದು. ಭಾನುವಾರದ ದರ ಬೇರೆ, ಮಂಗಳವಾರದ್ದು ಬೇರೆ ಇರಲಿ. ಆಯಾ ರಾತ್ರಿ 2ರಿಂದ 3ರ ಒಳಗೆ ದರ ಬದಲಾಗದಿದ್ದರೆ ಸಾಕು. ಎಷ್ಟು ಬಂದವು ಅಂತ ಗೊತ್ತಾದ ಮೇಲೆ ದರ ಹೊರಟು ಹೋಗುತ್ತದಲ್ಲ, ಎಲ್ಲಾ ರಾತ್ರಿಯ ಚುಕ್ಕಿಗಳನ್ನೂ ಒಂದೇ ಗಂಟೆಯ ಮೇಲೆ ಹಾಕಿ. ಸಮನಾಗಿ ಹರಡಬೇಕು. 2ರ ಕಡೆ ದಟ್ಟವಾಗಿದ್ದು 3ರ ಕಡೆ ತೆಳ್ಳಗಾಗಿದ್ದರೆ ಗಂಟೆಯ ಒಳಗೇ ದರ ಇಳಿಯುತ್ತಿದೆ ಅಂತ.

ಆದರೆ ಹೀಗೆ ಸೇರಿಸಿದಾಗ ಗುಂಪಾಗಿ ಬರೋದು ಕಣ್ಣಿಗೆ ಬೀಳೋದಿಲ್ಲ. ಒಂದು ರಾತ್ರಿ ಗುಂಪು 2:10ಕ್ಕೆ, ಇನ್ನೊಂದು ರಾತ್ರಿ 2:45ಕ್ಕೆ ಬಂದರೆ ಒಟ್ಟಿನಲ್ಲಿ ಎಲ್ಲಾ ಸಮವೇ ಕಾಣುತ್ತದೆ. ಅದಕ್ಕೆ ಬೇರೆ ದಾರಿ ಹಿಡಿಯಬೇಕು. ಸರಿಯಾಗಿ ಎರಡೇ ಗಾಡಿ ಬಂದ ಗಂಟೆಗಳನ್ನು ಮಾತ್ರ ತಗೊಳ್ಳಿ. ಎರಡರ ನಡುವಿನ ಅಂತರ 5 ನಿಮಿಷಕ್ಕಿಂತ ಜಾಸ್ತಿ ಇರೋ ಸಾಧ್ಯತೆ 55/60ನ್ನು ಅದರಿಂದಲೇ ಗುಣಿಸಿದಷ್ಟು, ಸುಮಾರು 84%. ಅಂದರೆ 16% ಗಂಟೆಗಳಲ್ಲಿ ಎರಡೂ ಐದು ನಿಮಿಷದ ಒಳಗೆ ಬರುತ್ತವೆ, ಯಾರೂ ಯಾರ ಜೊತೆಗೂ ಬಾರದೆ ಇದ್ದರೂ.

ಎರಡು ಗಾಡಿಯ ಗಂಟೆ 25 ಸಿಕ್ಕರೆ ನಾಲ್ಕರ ಹತ್ತಿರ ನಿರೀಕ್ಷೆ ಮಾಡಿ. ಐದೋ ಆರೋ ಆದರೆ ಏನೂ ಹೇಳೋಕೆ ಬರೋದಿಲ್ಲ. ಹನ್ನೆರಡು ಆದರೆ ಜೋಡಿ ಗಾಡಿಗಳಿವೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ದೇವಿಮನೆ ಘಟ್ಟ

ಲಾರಿ ಓಡಿಸುತ್ತೇನೆ. ನೀವು ಹನ್ನೆರಡಕ್ಕಿಂತ ಜಾಸ್ತಿಯೇ ಕಾಣುತ್ತೀರಿ. ರಾತ್ರಿ ಹೊತ್ತು ನಾವು ಒಬ್ಬರೇ ಹೋಗೋದು ಕಡಿಮೆ. ಒಂದೇ ಮಾಲಕರ ಎರಡು ಲಾರಿ ಇದ್ದರೆ ಒಂದರ ಹಿಂದೆ ಒಂದು. ಘಟ್ಟ ಹತ್ತುವಾಗ ಮುಂದಿನ ಲಾರಿ ನಿಧಾನ ಆದರೆ ಹಿಂದೆ ಎಲ್ಲರೂ ಸಾಲಾಗಿ ಬಿಡುತ್ತಾರೆ, ಆಮೇಲೆ ಕೆಳಗಿನ ರಸ್ತೆಯಲ್ಲೂ ಸಾಲಾಗೇ ಬರುತ್ತಾರೆ. ಡೀಸೆಲ್ ಹಾಕಿಸೋಕೂ ಒಬ್ಬ ನಿಲ್ಲಿಸಿದರೆ ಇನ್ನೊಬ್ಬನೂ ನಿಲ್ಲಿಸುತ್ತಾನೆ.

ತೋಟದಮನೆ

ಹಾಗಾದರೆ ಜೊತೆಗೆ ಬಂದವನ್ನು ಒಂದೇ ಗಾಡಿ ಅಂತ ಎಣಿಸಿ. ಆಗ ಉಳಿದ ಲೆಕ್ಕ ಸರಿ ಹೋಗುತ್ತದೆ.

ಕದ್ರಾ

ವಿಚಾರ ಒಳ್ಳೆಯದು, ಆದರೆ ಎಷ್ಟು ನಿಮಿಷದ ಒಳಗೆ ಬಂದರೆ ಜೊತೆ ಅಂತೀರಿ? ಎರಡು ನಿಮಿಷ ಅಂತ ಗೆರೆ ಹಾಕಿದರೆ ಸುಮ್ಮನೆ ಹತ್ತಿರ ಬಿದ್ದ ಬಿಡಿ ಗಾಡಿಗಳೂ ಅದರಲ್ಲಿ ಸೇರಿಬಿಡುತ್ತವೆ. ಉಳಿದ ಗುಂಪುಗಳು ಎರಡು ನಿಮಿಷಕ್ಕಿಂತ ಹತ್ತಿರ ಬರೋಕೇ ಆಗೋದಿಲ್ಲ, ಅದು ನನ್ನ ಕುರುಡು ಟ್ಯೂಬಿನ ಹಾಗಾಯಿತು.

ತೋಟದಮನೆ

ಡ್ರೈವರನ್ನೇ ಕೇಳಿದರಾಯಿತು, ಜೊತೆಗೆ ಬಂದಿರಾ ಅಂತ. ಇದಕ್ಕೆ ನಿಮಿಷದ ಗೆರೆ ಯಾಕೆ?

ದೇವಿಮನೆ ಘಟ್ಟ

ಕೇಳಿದರೆ ಹೇಳುತ್ತೇವೆ. ಆದರೆ ಘಟ್ಟದಲ್ಲಿ ಸಾಲಾದವರಿಗೆ ತಾವು ಜೊತೆ ಅಂತಲೇ ಗೊತ್ತಿರೋದಿಲ್ಲ.

ಬೆಳಂಬಾರ

ಕಾರು, ಬೈಕು ಮಾತ್ರ ತಗೊಂಡು ಒಂದು ಸಲ, ಲಾರಿ ಸೇರಿಸಿ ಒಂದು ಸಲ ನೋಡುತ್ತೇನೆ. ಇನ್ನೊಂದು, ಪುಸ್ತಕದಲ್ಲಿ ಇರೋದು ಬಿಲ್ ಮಾಡಿದ ಹೊತ್ತು, ಗಾಡಿ ಒಳಗೆ ಬಂದ ಹೊತ್ತಲ್ಲ. ಅದರಿಂದ ಏನಾದರೂ ತೊಂದರೆಯಾ?

ಕದ್ರಾ

ತೊಂದರೆ ಇದೆ. ರಾತ್ರಿ ಒಬ್ಬರೇ ಇರುತ್ತೀರಿ ಅಂದರೆ ಎರಡನೇ ಲಾರಿ ಮೊದಲನೆಯದು ಮುಗಿಯೋವರೆಗೆ ಕಾಯುತ್ತದೆ. ಲಾರಿ ಟ್ಯಾಂಕ್ ತುಂಬಿ ದುಡ್ಡು ತಗೊಳ್ಳೋಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಒಟ್ಟಿಗೆ ಬಂದ ಎರಡರ ಬಿಲ್ ಐದು ನಿಮಿಷ ದಾಟಿ ಹೋಗಿರಬಹುದು, ಅಕ್ಕೋರು ಹೇಳಿದ 16%ರ ಪರೀಕ್ಷೆ ಜೋಡಿಗಳನ್ನು ಕಾಣದೇ ಹೋಗುತ್ತದೆ. ಬಿಲ್ ಬಿಡಿ, ಗಾಡಿ ಬಂಕಿನ ಒಳಗೆ ತಿರುಗಿದ ಹೊತ್ತನ್ನೇ ಬೇರೆ ಬರೆದಿಡಿ.

ಬೆಳಂಬಾರ

ಸರಿ ಸರ್. ಒಳಗೆ ತಿರುಗೋ ಕಡೆ ಕ್ಯಾಮೆರಾ ಇದೆ, ಹಳೆಯ ರೆಕಾರ್ಡಿಂಗ್ ಎಷ್ಟು ದಿನದ್ದು ಉಳಿದಿದೆ ಅಂತ ಮ್ಯಾನೇಜರ ಹತ್ತಿರ ಕೇಳುತ್ತೇನೆ. ಎರಡೇ ಗಾಡಿ ಬಂದ ಗಂಟೆಗಳನ್ನು ಮೊದಲು ತೆಗೆದು ಇಲ್ಲೇ ಹಾಕುತ್ತೇನೆ.